ಮನೇಲಿ ಮೊದಲು ಏಳೋರು ಯಾರು? ಒಂದನೇ ತರಗತಿಯ ಮನೆ-ಸಂದರ್ಶನದ ಒಂದು ಪ್ರಕರಣ

ಒಂದನೇ ತರಗತಿ ಮಕ್ಕಳ ಕೈಲಿ ಮನೆಗೆ ಕಳಿಸಿದ್ದು 11 ಪ್ರಶ್ನೆ ಹಾಳೆ. ವಾಪಸ್ ಬಂದದ್ದು 9. ಅವುಗಳಲ್ಲಿ 4 ಹಾಳೆ ಒಂದೇ ಕೈಬರಹದಲ್ಲಿದ್ದವು. ಅದು ನಮ್ಮದೇ ಶಾಲೆಯ ಐದನೇ ತರಗತಿ ಹುಡುಗಿಯ ಅಕ್ಷರ. ಸಂಜೆ ತೋಟದ ಕೂಲಿಯವರು ಇರುವ ಲೈನ್ ಮನೆಯ ಜಗಲಿಯಲ್ಲಿ ಕೂತು, ಅಕ್ಕಪಕ್ಕದ ಮಕ್ಕಳ ಹಾಳೆಗಳನ್ನೆಲ್ಲ ಒಟ್ಟಿಗೇ ಭರ್ತಿ ಮಾಡಿಕೊಟ್ಟಿದ್ದಳು. ಇನ್ನು 4 ಹಾಳೆ ಮನೆಯ ದೊಡ್ಡವರು ಬರೆದದ್ದು. ಉಳಿದ ಒಂದರಲ್ಲಿ ಮಾತ್ರ ಮಗುವಿನ ಕೈ ಕಾಣುತ್ತಿತ್ತು. ಹತ್ತು ಪ್ರಶ್ನೆಗಳ ಮೇಲೂ ಅಡ್ಡಾದಿಡ್ಡಿ ಗೀಚಿ, ಮೂಲೆಯಲ್ಲೊಂದು ಕೋಳಿ ಬರೆದಿದ್ದಳು. ಒಂಬತ್ತರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಆ ಕೋಳಿ ಒಂದೇ. ಯಾಕೆಂದು ಮುಂದೆ ಹೇಳುತ್ತೇನೆ.

ಸಕಲೇಶಪುರ ತಾಲ್ಲೂಕಿನ ಕಾಫಿ ತೋಟಗಳ ನಡುವಿನ ಕಿರಿಯ ಪ್ರಾಥಮಿಕ ಶಾಲೆ ನಮ್ಮದು. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ನಲಿ-ಕಲಿ ಕೊಠಡಿಯಲ್ಲಿ ಒಟ್ಟಿಗೇ ಕೂರುತ್ತಾರೆ. ಆ ವರ್ಷ ಒಂದನೇ ತರಗತಿಯಲ್ಲಿದ್ದವರು 11 ಮಂದಿ. ಐವರು ಎಸ್ಟೇಟಿನ ಲೈನ್ ಮನೆಗಳವರು, ನಾಲ್ವರು ಊರೊಳಗಿನವರು. ಒಬ್ಬ ರಸ್ತೆ ಬದಿಯ ಅಂಗಡಿ ಮನೆಯವನು. ಇನ್ನೊಬ್ಬ ಅಜ್ಜಿ ಜೊತೆ ಇರುವವನು, ಅವನ ತಾಯಿ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದಾರೆ. ಮಕ್ಕಳ ಹೆಸರನ್ನು ಇಲ್ಲಿ ಹಾಕುತ್ತಿಲ್ಲ.

ಪಾಠ ಎಲ್ಲರಿಗೂ ಗೊತ್ತಿರುವಂಥದ್ದೇ: ನನ್ನ ಕುಟುಂಬ, ನಮಗೆ ನೆರವಾಗುವವರು. ಗೋಡೆಗೆ ಒಂದು ಚಿತ್ರಪಟ ತೂಗುಹಾಕಿ, ವೈದ್ಯರು, ಪೊಲೀಸರು, ಅಂಚೆಯಣ್ಣ, ಬಡಗಿ ಎಂದು ಕೋಲಲ್ಲಿ ತೋರಿಸುತ್ತಾ ಹೋದರೆ ಎರಡು ದಿನದಲ್ಲಿ ಮುಗಿದುಬಿಡುತ್ತದೆ. ನಾನೂ ಕೆಲವು ವರ್ಷ ಹಾಗೇ ಮುಗಿಸಿದ್ದೇನೆ. ಆ ಜುಲೈನಲ್ಲಿ ಮಾತ್ರ ಮಕ್ಕಳು ಮನೆಯಿಂದಲೇ ಮಾಹಿತಿ ತರಲಿ ಅಂತ ಹತ್ತು ಪ್ರಶ್ನೆಗಳ ಹಾಳೆ ತಯಾರಿಸಿದೆ. ತಂದೆಯ ಹೆಸರು, ತಂದೆಯ ಉದ್ಯೋಗ, ತಾಯಿಯ ಉದ್ಯೋಗ, ಮನೆಯಲ್ಲಿ ಎಷ್ಟು ಜನ, ನಿಮಗೆ ಸಹಾಯ ಮಾಡುವ ಮೂವರು ಯಾರು, ಹೀಗೆ. ಹಾಳೆ ಚೆನ್ನಾಗಿಯೇ ಕಾಣುತ್ತಿತ್ತು.

ಹಾಳೆ ಎಲ್ಲಿ ಕೆಟ್ಟಿತು

ಮೊದಲ ತಪ್ಪು ಕಣ್ಣಿಗೆ ಹೊಡೆಯುವಂಥದ್ದು. ಜುಲೈ ಹೊತ್ತಿಗೆ ಒಂದನೇ ತರಗತಿಯವರು ರ, ಗ, ಸ, ದ, ಅ ದಾಟಿ ಇನ್ನೊಂದು ಗುಂಪಿನ ಅಕ್ಷರಗಳಲ್ಲಿ ತಡಕಾಡುತ್ತಿರುತ್ತಾರೆ. ‘ಸರ’, ‘ಗರಗಸ’ ಓದುವ ಮಗುವಿನ ಕೈಗೆ ‘ತಂದೆಯ ಉದ್ಯೋಗ’ ಎಂದು ಬರೆದ ಹಾಳೆ ಕೊಟ್ಟರೆ ಆ ಮಗು ಸಂದರ್ಶನ ಮಾಡುವುದಿಲ್ಲ, ಹಾಳೆ ಸಾಗಿಸುತ್ತದೆ ಅಷ್ಟೆ. ಕೇಳಿದವರೂ ದೊಡ್ಡವರು, ಉತ್ತರಿಸಿದವರೂ ದೊಡ್ಡವರು. ನಡುವಿನ ಮಗು ಅಂಚೆಯಣ್ಣನ ಕೆಲಸ ಮಾಡಿತು.

ಎರಡನೆಯದು ಉತ್ತರಗಳನ್ನು ಸಾಲಾಗಿಟ್ಟು ನೋಡಿದಾಗ ತಿಳಿಯಿತು. ‘ತಾಯಿಯ ಉದ್ಯೋಗ’ ಎಂಬಲ್ಲಿ ಒಂಬತ್ತರಲ್ಲಿ ಏಳು ಕಡೆ ‘ಗೃಹಿಣಿ’ ಅಥವಾ ‘ಮನೆ ಕೆಲಸ’ ಎಂದಿತ್ತು. ಈ ಏಳರಲ್ಲಿ ಕಡೇಪಕ್ಷ ಐವರು ತೋಟಕ್ಕೆ ಹೋಗುವವರು ಅಂತ ನನಗೇ ಗೊತ್ತು. ಬೆಳಿಗ್ಗೆ ನಾನು ಬಸ್ಸಿಳಿದು ನಡೆದು ಬರುವಾಗ ಅವರು ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಕತ್ತಿ ಹಿಡಿದು ಎದುರು ಸಿಗುತ್ತಾರೆ. ಯಾರೂ ಸುಳ್ಳು ಬರೆದಿರಲಿಲ್ಲ. ‘ಉದ್ಯೋಗ’ ಅಂದಾಗ ನಮ್ಮ ಕಡೆ ಜನರ ತಲೆಗೆ ಬರುವುದು ಸಂಬಳದ ಕೆಲಸ, ಆಫೀಸು, ಅಂಗಡಿ. ತೋಟದ ಕೂಲಿ ‘ಕೆಲಸ’ವೇ ಹೊರತು ‘ಉದ್ಯೋಗ’ವಲ್ಲ. ನನ್ನ ಪದವೇ ಆ ಉತ್ತರವನ್ನು ಬರೆಸಿತ್ತು.

ಮೂರನೆಯದು ವಾಪಸ್ ಬಾರದ ಎರಡು ಹಾಳೆಗಳಲ್ಲಿತ್ತು. ಒಂದು ಅಜ್ಜಿ ಮನೆಯ ಹುಡುಗನದು. ಹಾಳೆಯ ಮೊದಲ ಎರಡು ಸಾಲು ಅವನ ಮನೆಯಲ್ಲಿಲ್ಲದ ಮನುಷ್ಯನ ಬಗ್ಗೆ. ಬ್ಯಾಗಿನ ತಳದಲ್ಲಿ ನಾಲ್ಕು ಮಡಿಕೆಯಾಗಿ ಸಿಕ್ಕಿತು. ಇನ್ನೊಂದು, ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಮನೆಯ ಹುಡುಗಿಯದು. ಆ ಮನೆಯಲ್ಲಿ ಕನ್ನಡ ಓದುವವರೇ ಇಲ್ಲ. ಪ್ರಶ್ನೆ ತಯಾರಿಸುವಾಗ ಈ ಇಬ್ಬರೂ ನನ್ನ ಕಣ್ಣೆದುರು ಮಣೆ ಮೇಲೆ ಕೂತಿದ್ದರು. ಆದರೂ ಅವರನ್ನು ಬಿಟ್ಟು ಹಾಳೆ ಬರೆದಿದ್ದೆ.

ಇನ್ನು ಆ ಕೋಳಿ. “ಇದೇನು ಪುಟ್ಟಿ?” ಅಂದೆ. “ನಮ್ ಕೋಳಿ ಮಿಸ್. ಅಮ್ಮ ಕತ್ಲಲ್ಲೇ ಎದ್ದು ಗೂಡು ತೆಗೀತಾರೆ. ನಂಗೆ ಗೊತ್ತಿರ್ಲಿಲ್ಲ, ನಿನ್ನೆ ಹೇಳಿದ್ರು” ಅಂದಳು. ಹಾಳೆಯನ್ನು ಯಾರ ಕೈಗೂ ಕೊಡದೆ, ಅಮ್ಮ ಒಲೆ ಮುಂದಿದ್ದಾಗ ಸುಮ್ಮನೆ “ನೀನು ಏನ್ ಕೆಲ್ಸ ಮಾಡ್ತೀಯಮ್ಮ?” ಅಂತ ಕೇಳಿದ್ದಾಳೆ. ಅವರು ಬೆಳಗಿನಿಂದ ಹೇಳಲು ಶುರುಮಾಡಿದ್ದಾರೆ. ಅವಳಿಗೆ ನೆನಪಲ್ಲಿ ಉಳಿದದ್ದು ಮೊದಲನೆಯದು, ಕೋಳಿಗೂಡು. ತರಗತಿಯಲ್ಲಿ ನಿಜವಾಗಿ ಸಂದರ್ಶನ ಮಾಡಿದ್ದವಳು ಅವಳೊಬ್ಬಳೇ.

ಪ್ರಶ್ನೆಯನ್ನು ತಿರುಗಿಸಿ ಕಟ್ಟಿದ್ದು

ಆ ಕೋಳಿಯ ಜಾಡು ಹಿಡಿದು ಮೂರು ಪ್ರಶ್ನೆ ಮಾಡಿಕೊಂಡೆ. ಒಂದು ಸಂಜೆಗೆ ಒಂದೇ ಪ್ರಶ್ನೆ. ಹಾಳೆ ಇಲ್ಲ, ಬಾಯಲ್ಲೇ ಹೊತ್ತುಕೊಂಡು ಹೋಗಬೇಕು. ಪ್ರತಿ ಪ್ರಶ್ನೆಯನ್ನೂ ಮೂರು ಜರಡಿ ಹಿಡಿದು ನೋಡಿದೆ. ಉತ್ತರ ಮಗುವಿಗೆ ಮೊದಲೇ ಗೊತ್ತಿರಬಾರದು. ಕೆಲಸ ಮಾಡುತ್ತಲೇ ಇರುವ ದೊಡ್ಡವರು ಒಂದು ಮಾತಲ್ಲಿ ಉತ್ತರಿಸುವಂತಿರಬೇಕು. ತಂದ ಉತ್ತರವನ್ನು ಚಿತ್ರ ಬರೆದೋ ನಟಿಸಿಯೋ ತೋರಿಸಲು ಬರಬೇಕು. “ನಿಮ್ಮ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?” ಎಂಬುದು ಮೊದಲ ಜರಡಿಯಲ್ಲೇ ನಿಂತಿತು. ಮಗುವಿಗೆ ಅದು ಗೊತ್ತಿದೆ, ಗೊತ್ತಿರುವುದನ್ನು ಯಾರೂ ಕೇಳಿಕೊಂಡು ಬರುವುದಿಲ್ಲ.

ಮೊದಲ ಪ್ರಶ್ನೆ: “ಬೆಳಿಗ್ಗೆ ಮೊದಲು ಏಳೋರು ಯಾರು? ಎದ್ದು ಏನ್ಮಾಡ್ತಾರೆ?” ಆ ಹೊತ್ತಿಗೆ ಮಗು ಮಲಗಿರುತ್ತದೆ, ಆದ್ದರಿಂದ ಕೇಳಲೇಬೇಕು. ಎರಡನೆಯದು: “ಕೆಲ್ಸಕ್ಕೆ ಹೋಗುವಾಗ ಏನೇನ್ ತಗೊಂಡ್ ಹೋಗ್ತೀಯ?” ಇದನ್ನು ಮನೆಯಿಂದ ಹೊರಗೆ ಹೋಗುವ ಯಾರಿಗಾದರೂ ಕೇಳಬಹುದು. ಅಪ್ಪ, ಅಮ್ಮ ಎಂಬ ಪದವೇ ಅದರಲ್ಲಿಲ್ಲ. ಮೂರನೆಯದು ನೆರೆಹೊರೆಗೆ ದಾಟುವ ಪ್ರಶ್ನೆ. ಅದನ್ನು ಮಕ್ಕಳಿಗೆ ಹಂಚಿದೆ. ನಲ್ಲೀಲಿ ನೀರು ಬರ್ದಿದ್ರೆ, ಕರೆಂಟ್ ಹೋದ್ರೆ, ಜ್ವರ ಬಂದ್ರೆ, ಹಸು ಹುಲ್ಲು ತಿನ್ನದಿದ್ರೆ, ಆನೆ ಬಂದ್ರೆ, “ಯಾರಿಗೆ ಹೇಳ್ತೀರ?” ಒಂದೊಂದು ತೊಂದರೆ ಇಬ್ಬಿಬ್ಬರಿಗೆ, ಆನೆ ಮಾತ್ರ ಮೂವರಿಗೆ. ನೆರವಾಗುವವರು ನಮಗೆ ಎದ್ದು ಕಾಣುವುದು ಕೆಲಸ ನಿಂತಾಗ. ನೀರು ಬರುತ್ತಿರುವಷ್ಟು ದಿನ ನೀರುಗಂಟಿ ಯಾರಿಗೂ ನೆನಪಾಗುವುದಿಲ್ಲ.

ಇಲ್ಲೇ ಭಾಷೆಯ ಒಂದು ವಿಷಯ ಹೇಳಬೇಕು. ಮೂರೂ ಪ್ರಶ್ನೆ ಕೆಲಸದಿಂದ ಶುರುವಾಗುತ್ತವೆ, ಕೆಲಸದವರ ಹೆಸರಿನಿಂದಲ್ಲ. ಕನ್ನಡದಲ್ಲಿ ಹಳೆಯ ಕಸುಬಿನ ಹೆಸರುಗಳು ಹೆಚ್ಚಿನವು ಜಾತಿಯ ಹೆಸರುಗಳೂ ಹೌದು. ಮೊದಲ ಐದು ಅಕ್ಷರಗಳಲ್ಲೇ ‘ಅಗಸ’ ಎಂಬ ಪದ ಕಟ್ಟಬಹುದು, ಮಕ್ಕಳು ಕಟ್ಟಿಯೂ ಬಿಡುತ್ತಾರೆ. ಅಂಥ ಮನೆಯ ಮಗು ಅದೇ ಸಾಲಿನಲ್ಲಿ ಕೂತಿದ್ದು, ನಾನು ಚಿತ್ರಪಟ ತೋರಿಸಿ “ಇವರು ಯಾರು?” ಎಂದು ಕೇಳಿದರೆ, ಇಡೀ ತರಗತಿ ಒಕ್ಕೊರಲಿನಿಂದ ಕೂಗುವುದು ಆ ಮಗುವಿನ ಮನೆಯ ಜಾತಿಯನ್ನು. ಆ ಮನೆಯವರು ಬಟ್ಟೆ ಒಗೆಯುವುದು ಬಿಟ್ಟು ಎಷ್ಟು ಕಾಲವಾಗಿದ್ದರೂ ಸರಿ. ಆದ್ದರಿಂದ ತರಗತಿಯಲ್ಲಿ ನಾವು ಬಳಸುವುದು ‘ಮಾಡುವವರು’ ಎಂಬ ರೂಪ: ಬಟ್ಟೆ ಇಸ್ತ್ರಿ ಮಾಡುವವರು, ಮಡಕೆ ಮಾಡುವವರು, ನೀರು ಬಿಡುವವರು, ಚರಂಡಿ ತೆಗೆಯುವವರು. ಈ ರೂಪದಲ್ಲಿ ಮರ್ಯಾದೆಯೂ ಸೇರಿಕೊಂಡೇ ಬರುತ್ತದೆ, ಗಂಡೋ ಹೆಣ್ಣೋ ಎಂಬುದು ತೆರೆದೇ ಇರುತ್ತದೆ. ‘ಗಾಡಿ ಓಡಿಸುವವರು’ ಅಂದ ಮೇಲೆ ಅವರು ಯಾರೆಂದು ಕೇಳಿಯೇ ತಿಳಿಯಬೇಕು.

ಪ್ರಶ್ನೆ ಹೊರಿಸುವ ಮೊದಲು ಅಭ್ಯಾಸ ಬೇಕಿತ್ತು. ಬಿಸಿಯೂಟದ ಅಡುಗೆ ಅಕ್ಕನನ್ನು ಊಟದ ಮುಂಚೆ ಐದು ನಿಮಿಷ ತರಗತಿಗೆ ಕರೆದೆ. ಅವರು ಸೊಪ್ಪು ಬಿಡಿಸುತ್ತಾ ಕೂತರು, ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಕೇಳಿದರು. ನಾಲ್ಕನೇ ಹುಡುಗ ಕೇಳುವ ಹೊತ್ತಿಗೆ ಪ್ರಶ್ನೆ “ಮೊದ್ಲು ಏಳೋದು ಏನು?” ಅಂತ ಆಗಿಹೋಗಿತ್ತು. ಎರಡು ವಾಕ್ಯ ಆರು ವರ್ಷದವರಿಗೆ ಭಾರ. ಅದಕ್ಕೇ ಕೈಸನ್ನೆ ಕಟ್ಟಿದೆವು. ಕಣ್ಣುಜ್ಜಿಕೊಂಡರೆ ‘ಏಳೋರು ಯಾರು’, ಎರಡು ಕೈ ಮುಂದೆ ಚಾಚಿದರೆ ‘ಏನ್ಮಾಡ್ತಾರೆ’. ಸಂಜೆ ಗೇಟು ದಾಟುವಾಗ ಹನ್ನೊಂದೂ ಮಕ್ಕಳು ಕಣ್ಣುಜ್ಜಿಕೊಂಡು ಹೋಗುತ್ತಿದ್ದದ್ದನ್ನು ಕಂಡ ಅಂಗಡಿಯವರು, ಮಕ್ಕಳಿಗೆಲ್ಲ ಕಣ್ಣುಬೇನೆ ಬಂದಿದೆಯಾ ಎಂದು ಮಾರನೇ ದಿನ ಕೇಳಿದರು.

ಬಂದ ಉತ್ತರಗಳು

ಮೊದಲ ದಿನ 11ರಲ್ಲಿ 8 ಮಂದಿ ಉತ್ತರ ತಂದರು. ನಲಿ-ಕಲಿ ಕೊಠಡಿಯ ಗೋಡೆಯ ಬುಡದಲ್ಲಿ ಮಕ್ಕಳ ಎತ್ತರಕ್ಕೇ ಕಪ್ಪುಹಲಗೆ ಬಳಿದಿರುತ್ತದಲ್ಲ, ಅಲ್ಲಿ ಒಬ್ಬೊಬ್ಬರೂ ತಮ್ಮ ಚೌಕದಲ್ಲಿ ಚಿತ್ರ ಬರೆದರು. ಐದು ಚೌಕಗಳಲ್ಲಿ ಒಲೆ. ಒಂದರಲ್ಲಿ ಹಂಡೆ. ಅಂಗಡಿ ಮನೆಯವನದು ಹಾಲಿನ ಕ್ರೇಟು. ಅವನಪ್ಪ ಹಾಲಿನ ಗಾಡಿ ಬರುವ ಮೊದಲು ಎದ್ದು ಬಾಗಿಲು ತೆಗೆಯುತ್ತಾರೆ. ಕೋಳಿ ಹುಡುಗಿ ಮತ್ತೆ ಕೋಳಿಯನ್ನೇ ಬರೆದಳು, ಈ ಸಲ ಗೂಡಿನ ಸಮೇತ.

ಮಗು ನಿಜವಾಗಿ ಕೇಳಿತೋ, ದಾರಿಯಲ್ಲಿ ಹೊಳೆದದ್ದನ್ನು ಹೇಳಿತೋ, ಇದನ್ನು ತಿಳಿಯುವುದು ಹೇಗೆ? ಐದು ಒಲೆ ಕಂಡಾಗ ನನಗೆ ಅನುಮಾನವಾಯಿತು. ಪಕ್ಕದವನ ಚೌಕ ನೋಡಿ ಬರೆಯುವುದು ಈ ವಯಸ್ಸಿಗೆ ಸಹಜ. ಅದಕ್ಕೊಂದು ಸಣ್ಣ ಉಪಾಯ ಸಿಕ್ಕಿತು. ಉತ್ತರದ ಬಗ್ಗೆ ಮರುಪ್ರಶ್ನೆ ಹಾಕದೆ, “ನೀನು ಕೇಳಿದಾಗ ಅವರೇನು ಮಾಡ್ತಿದ್ರು?” ಅಂತ ಕೇಳಿದೆ. ಕೇಳಿದ ಮಗುವಿನ ಬಾಯಿಂದ ತಕ್ಷಣ ಉತ್ತರ ಬರುತ್ತದೆ: “ಈರುಳ್ಳಿ ಹೆಚ್ತಿದ್ರು”, “ಮೊಬೈಲ್ ನೋಡ್ತಿದ್ರು”, “ಕಾಲಿಗೆ ಎಣ್ಣೆ ತಿಕ್ಕೊತಿದ್ರು”. ಕೇಳದ ಮಗು ಮೇಲೆ ಸೂರು ನೋಡುತ್ತದೆ. ಐವರಲ್ಲಿ ಇಬ್ಬರು ಸೂರು ನೋಡಿದರು. ಬೈಯಲಿಲ್ಲ. ಮಾರನೇ ಸಂಜೆ ಅದೇ ಪ್ರಶ್ನೆಯನ್ನು ಮತ್ತೆ ಹೊರಿಸಿ ಕಳಿಸಿದೆ.

ಎರಡನೇ ಪ್ರಶ್ನೆಯೇ ಪಾಠದ ಜೀವ ಆಯಿತು. ಜುಲೈನಲ್ಲಿ ತೋಟದಲ್ಲಿ ಕಾಫಿ ಕುಯ್ಲು ಇರುವುದಿಲ್ಲ. ಕಳೆ ತೆಗೆಯುವುದು, ಚರಂಡಿ ಬಿಡಿಸುವುದು, ಮಳೆ ಬಿಡುವು ಕೊಟ್ಟಾಗ ಗೊಬ್ಬರ ಹಾಕುವುದು, ಇಂಥವು. ಬಂದ ಚಿತ್ರಗಳಲ್ಲಿ ಕತ್ತಿ, ಗುದ್ದಲಿ, ಕೊಪ್ಪೆ, ಬುತ್ತಿ ಡಬ್ಬಿ ಇದ್ದವು. ಲೈನ್ ಮನೆಯ ಹುಡುಗಿಯೊಬ್ಬಳು ಕತ್ತಿ ಪಕ್ಕದಲ್ಲಿ ಒಂದು ಉಂಡೆ ಬರೆದು, ಮೇಲೊಂದು ಗಂಟು ಹಾಕಿದ್ದಳು. ನನಗೆ ಹೊಳೆಯಲಿಲ್ಲ. “ಉಪ್ಪು ಮಿಸ್. ಇಂಬಳ ಹತ್ತಿದ್ರೆ ಒತ್ತಕ್ಕೆ” ಅಂದಳು. ಬಟ್ಟೆಯ ತುಂಡಿನಲ್ಲಿ ಕಟ್ಟಿದ ಉಪ್ಪಿನ ಗಂಟು. ಮಳೆಗಾಲದ ತೋಟದಲ್ಲಿ ರಕ್ತ ಹೀರುವ ಇಂಬಳ ಕಾಲಿಗೆ ಹತ್ತಿದರೆ ಆ ಗಂಟನ್ನು ಒತ್ತುತ್ತಾರೆ, ಇಂಬಳ ಉದುರಿಬೀಳುತ್ತದೆ. ಅವಳಮ್ಮನ ಹಾಳೆಯಲ್ಲಿ ವಾರದ ಹಿಂದೆ ‘ಗೃಹಿಣಿ’ ಅಂತಿತ್ತು. ಈಗ ಅದೇ ಅಮ್ಮ ಕತ್ತಿ, ಕೊಪ್ಪೆ, ಉಪ್ಪಿನ ಗಂಟಿನ ಸಮೇತ ಗೋಡೆ ಮೇಲಿದ್ದರು. ಟೀಚರಿಗೆ ಊಹಿಸಲಾಗದ ವಸ್ತು ಒಂದಾದರೂ ಬಂದರೆ ಸಂದರ್ಶನ ನಡೆದಿದೆ ಎಂದೇ ಅರ್ಥ. ಅಂದಿನಿಂದ ಉತ್ತರಗಳಲ್ಲಿ ನಾನು ಮೊದಲು ಹುಡುಕುವುದು ಉಪ್ಪಿನ ಗಂಟನ್ನು.

ಅಸ್ಸಾಮಿನ ಹುಡುಗಿ ಅಂದು ಮೊದಲ ಸಲ ಎದ್ದುನಿಂತಳು. ಕೈಸನ್ನೆ ಅವಳಿಗೆ ಭಾಷೆಯ ಬೇಲಿ ದಾಟಿಸಿತ್ತು. ಪ್ರಶ್ನೆಯನ್ನು ಮನೆಯಲ್ಲಿ ತನ್ನ ಮಾತಿನಲ್ಲೇ ಕೇಳಿದ್ದಾಳೆ. ಉತ್ತರ ಹೇಳಲು ಕನ್ನಡ ಸಿಗಲಿಲ್ಲ. ಬಾಗಿ, ಎಡಗೈಯಲ್ಲಿ ಏನನ್ನೋ ಹಿಡಿದು ಬಲಗೈಯಲ್ಲಿ ಕೊಯ್ದು, ಹಿಂದಕ್ಕೆ ಎಸೆದು ತೋರಿಸಿದಳು. “ಕಳೆ!” ಅಂತ ಲೈನ್ ಮನೆಯ ಮಕ್ಕಳು ಕೂಗಿದರು. ಅವಳೂ “ಕಳೆ” ಅಂದಳು. ಶಾಲೆಯಲ್ಲಿ ಅವಳು ತಾನಾಗಿ ಆಡಿದ ಕನ್ನಡದ ಮೊದಲ ಪದಗಳಲ್ಲಿ ಅದೊಂದು.

ಅಜ್ಜಿ ಮನೆಯ ಹುಡುಗ ಎರಡನೇ ಪ್ರಶ್ನೆಯನ್ನು ಫೋನಿನಲ್ಲಿ ಕೇಳಿದ್ದ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವನು ಬರೆದದ್ದು ಕೊರಳಲ್ಲಿ ತೂಗುವ ಒಂದು ಚೌಕ. ಗಾರ್ಮೆಂಟ್ಸ್ ಗೇಟಿನಲ್ಲಿ ತೋರಿಸುವ ಗುರುತಿನ ಕಾರ್ಡು. “ಅದಿಲ್ದಿದ್ರೆ ಒಳಗೆ ಬಿಡಲ್ವಂತೆ” ಅಂದ.

ಎಲ್ಲಾ ಉತ್ತರಗಳೂ ಇಷ್ಟು ಸುಲಭವಾಗಿರಲಿಲ್ಲ. ಒಬ್ಬ ಹುಡುಗ ಮೊದಲ ಪ್ರಶ್ನೆಗೆ ಉತ್ತರ ಹೇಳುತ್ತಾ, “ಅಮ್ಮ ಏಳ್ತಾರೆ. ಅಪ್ಪ ಕುಡಿದು ಬಿದ್ದಿರ್ತಾರೆ, ಏಳಲ್ಲ” ಅಂದ. ಎರಡನೇ, ಮೂರನೇ ತರಗತಿಯವರೂ ಕೇಳಿಸಿಕೊಳ್ಳುವಂತೆಯೇ ಅಂದ. ಒಬ್ಬಿಬ್ಬರು ನಕ್ಕರು. “ಅಮ್ಮ ಎದ್ದು ಏನ್ಮಾಡ್ತಾರೆ, ಅದನ್ನ ಬರಿ ಮರಿ” ಎಂದು ಮಾತು ಅಮ್ಮನ ಕಡೆ ತಿರುಗಿಸಿದೆ. ಸಾಲದು ಅಂತ ಆಗಲೇ ಅನ್ನಿಸಿತ್ತು. ಮನೆಯ ಬಗ್ಗೆ ಪ್ರಶ್ನೆ ಕಳಿಸಿದ ಮೇಲೆ ಮನೆಯೊಳಗಿನದು ಬಂದೇ ಬರುತ್ತದೆ. ಮಾರನೇ ದಿನದಿಂದ ಕ್ರಮ ಬದಲಿಸಿದೆ. ಬೆಳಿಗ್ಗೆ ಹಾಜರಿ ಹೊತ್ತಿನಲ್ಲಿ ಪ್ರತಿ ಮಗುವೂ ಉತ್ತರವನ್ನು ಮೊದಲು ನನ್ನ ಕಿವಿಯಲ್ಲಿ ಹೇಳುತ್ತದೆ, ಗೋಡೆಗೆ ಹೋಗುವುದು ಯಾವುದು ಎಂದು ಇಬ್ಬರೂ ಸೇರಿ ನಿರ್ಧರಿಸುತ್ತೇವೆ. 11 ಮಕ್ಕಳಿಗೆ ಹತ್ತು ನಿಮಿಷ ಸಾಕು. ಮೂವತ್ತು ಮಕ್ಕಳಿದ್ದರೆ ಇದು ಆಗದ ಕೆಲಸ, ಅಂಥ ಕಡೆ ಮೊದಲ ಪ್ರಶ್ನೆಯನ್ನು ಕೈಬಿಟ್ಟು ಎರಡನೆಯದರಿಂದಲೇ ಶುರುಮಾಡುವುದು ಒಳ್ಳೆಯದು. ಕೆಲಸಕ್ಕೆ ಒಯ್ಯುವ ವಸ್ತುಗಳ ಬಗ್ಗೆ ಮಾತಾಡುವಾಗ ಮನೆಯ ಜಗಳ ಅಷ್ಟಾಗಿ ಹೊರಬೀಳುವುದಿಲ್ಲ.

ಎಲ್ಲ ದಾರಿಯೂ ರೈಟರ ಮನೆಗೆ

ಮೂರನೇ ಪ್ರಶ್ನೆ ಕಳಿಸಿದ ದಿನ ಮಳೆ ಜೋರಾಯಿತು. ಮಾರನೇ ದಿನ ಶಾಲೆಗೆ ರಜೆ. ಊರಿನಲ್ಲಿ ಎರಡು ದಿನ ಕರೆಂಟಿರಲಿಲ್ಲ. ನನ್ನ ಪ್ರಶ್ನೆಯನ್ನು ಮಳೆಯೇ ನಿಜ ಮಾಡಿಬಿಟ್ಟಿತ್ತು. ಮಕ್ಕಳು ವಾಪಸ್ ಬಂದಾಗ ಕರೆಂಟಿನ ಪ್ರಶ್ನೆ ಹೊತ್ತಿದ್ದವರಷ್ಟೇ ಅಲ್ಲ, ಎಲ್ಲರೂ ಅದೇ ಮಾತಾಡುತ್ತಿದ್ದರು.

ಊರೊಳಗಿನ ಮಕ್ಕಳ ಉತ್ತರಗಳು ನಾನು ಎಣಿಸಿದಂತೆಯೇ ಇದ್ದವು. ನೀರಿಗೆ ಪಂಚಾಯ್ತಿಯ ನೀರುಗಂಟಿ. ಕರೆಂಟಿಗೆ ಲೈನ್‌ಮನ್, ಮರ ಬಿದ್ದಿದ್ದ ಕಡೆ ಅವರ ಜೊತೆ ಊರಿನ ನಾಲ್ಕು ಜನ ಗರಗಸ ಹಿಡಿದು ಹೋಗಿದ್ದರು. ಜ್ವರಕ್ಕೆ ಮೊದಲು ಆಶಾ ಅಕ್ಕ, ಆಮೇಲೆ ಆಸ್ಪತ್ರೆ. ಹಸುವಿಗೆ ಡೇರಿಯಲ್ಲಿ ಹೇಳಿದರೆ ಡಾಕ್ಟರಿಗೆ ಫೋನ್ ಮಾಡಿಕೊಡುತ್ತಾರೆ. ಆನೆ ಪ್ರಶ್ನೆ ಹೊತ್ತ ಹುಡುಗ ನನ್ನನ್ನೇ ತಿದ್ದಿದ: “ನಾವ್ ಹೇಳಲ್ಲ ಮಿಸ್, ಅವ್ರೇ ನಮಗೆ ಹೇಳ್ತಾರೆ.” ಸರಿ ಅಲ್ಲವೇ? ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆ ಯಾವ ತೋಟದಲ್ಲಿದೆ ಎಂದು ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ, ಆನೆ ಹಿಂದೆ ಓಡಾಡುವ ಸಿಬ್ಬಂದಿ ಇದ್ದಾರೆ. ಬೆಳಿಗ್ಗೆ ಅಪ್ಪ ಫೋನ್ ನೋಡಿ, ಇವತ್ತು ಆ ದಾರಿಯಲ್ಲಿ ಹೋಗಬೇಡಿ ಅನ್ನುವುದು ಈ ಮಕ್ಕಳಿಗೆ ದಿನದ ಮಾತು. ಯಾವ ಚಿತ್ರಪಟದಲ್ಲೂ ನಾನು ಈ ನೆರವಿನವರನ್ನು ಕಂಡಿರಲಿಲ್ಲ.

ಲೈನ್ ಮನೆಯ ಐವರ ಪ್ರಶ್ನೆ ಬೇರೆಬೇರೆಯಾಗಿದ್ದರೂ ಉತ್ತರ ಮಾತ್ರ ಒಂದೇ: “ರೈಟ್ರಿಗೆ ಹೇಳ್ತೀವಿ.” ರೈಟರೆಂದರೆ ಎಸ್ಟೇಟಿನಲ್ಲಿ ಕೂಲಿಯವರ ಹಾಜರಿ, ಲೆಕ್ಕ ನೋಡುವವರು. ನೀರಿಲ್ಲದಿದ್ದರೆ ರೈಟರಿಗೆ, ಕರೆಂಟ್ ಹೋದರೆ ರೈಟರಿಗೆ, ಜ್ವರ ಬಂದರೂ ರೈಟರಿಗೆ, ಯಾಕೆಂದರೆ ಪೇಟೆಗೆ ಹೋಗಲು ಜೀಪು ಕಳಿಸುವವರು ಅವರು. ಮೊದಲಿಗೆ, ಐವರೂ ದಾರಿಯಲ್ಲಿ ಮಾತಾಡಿಕೊಂಡು ಬಂದಿದ್ದಾರೆ ಅಂದುಕೊಂಡೆ. “ಕೇಳಿದಾಗ ಅವರೇನು ಮಾಡ್ತಿದ್ರು?” ಪ್ರಯೋಗಿಸಿದೆ. ಐವರೂ ಐದು ಬೇರೆ ಉತ್ತರ ಕೊಟ್ಟರು. ನಿಜವಾಗಿಯೇ ಕೇಳಿದ್ದರು. ಲೈನ್ ಮನೆಯ ನೀರು ಪಂಚಾಯ್ತಿಯದಲ್ಲ, ಎಸ್ಟೇಟಿನ ಟ್ಯಾಂಕಿನದು. ಮೋಟರ್ ಹಾಕುವವರು ಎಸ್ಟೇಟಿನವರೇ. ನಾನು ‘ನಮ್ಮ ಊರಿನ ನೀರುಗಂಟಿ’ ಎಂದು ಪಾಠ ಮಾಡುತ್ತಿದ್ದ ಮನುಷ್ಯ ಆ ಐದು ಮಕ್ಕಳ ಮನೆಗೆ ಯಾವತ್ತೂ ನೀರು ಬಿಟ್ಟವರಲ್ಲ.

ಈಗ ಎರಡು ದಾರಿ ಇದ್ದವು. ರೈಟರನ್ನೂ ಒಬ್ಬ ನೆರವಿನವರೆಂದು ಪಟ್ಟಿಗೆ ಸೇರಿಸಿ ಮುಂದೆ ಹೋಗುವುದು ಸುಲಭದ ದಾರಿ. ನಾನು ನೆಲದ ಮೇಲೆ ನೂಲು ಹಾಸಿದೆ. ಪ್ರತಿ ಮಗುವಿನ ಮನೆಗೆ ಒಂದು ಬೆಂಕಿಪೊಟ್ಟಣ, ಕೆಲಸ ಮಾಡುವವರಿಗೆ ಒಂದೊಂದು ಚಿತ್ರ ಬರೆದ ರಟ್ಟಿನ ತುಂಡು. ಯಾರಿಗೆ ಹೇಳುತ್ತಾರೋ ಅಲ್ಲಿವರೆಗೆ ನೂಲು. ಊರಿನ ಪೊಟ್ಟಣಗಳಿಂದ ನೂಲು ನಾಲ್ಕೂ ಕಡೆ ಹರಡಿತು. ಲೈನ್ ಮನೆಯ ಐದು ಪೊಟ್ಟಣಗಳ ನೂಲೆಲ್ಲ ಒಂದೇ ರಟ್ಟಿಗೆ ಹೋಗಿ ಗಂಟಾಯಿತು. ಮಕ್ಕಳು ಸುಮ್ಮನೆ ನೋಡಿದರು. “ರೈಟ್ರು ಲೈಟ್ ಕಂಬ ಹತ್ತುತಾರಾ?” ಅಂತ ಅಂಗಡಿ ಹುಡುಗ ಕೇಳಿದ. “ಇಲ್ಲ, ಅವ್ರು ಫೋನ್ ಮಾಡ್ತಾರೆ.” “ಯಾರಿಗೆ?” “ಗೊತ್ತಿಲ್ಲ.”

ಆ ‘ಗೊತ್ತಿಲ್ಲ’ವೇ ನಾಲ್ಕನೇ ಪ್ರಶ್ನೆಯಾಯಿತು. ನಾನು ಯೋಜನೆ ಹಾಕಿರಲಿಲ್ಲ. “ರೈಟ್ರು ಯಾರಿಗೆ ಹೇಳ್ತಾರೆ?” ಐವರು ಅದನ್ನು ಹೊತ್ತು ಹೋದರು. ಇಬ್ಬರಿಗೆ ಮನೆಯಲ್ಲಿ “ಅದೆಲ್ಲ ನಿಂಗ್ಯಾಕೆ, ಸುಮ್ನಿರು” ಎಂಬ ಉತ್ತರ ಸಿಕ್ಕಿತು. ಕೆಲಸ ಕೊಡುವವರ ಬಗ್ಗೆ ಮಗು ಶಾಲೆಯಿಂದ ಪ್ರಶ್ನೆ ತಂದರೆ ತಾಯಿಗೆ ಭಯವಾಗುವುದು ನ್ಯಾಯವೇ, ಅದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಆ ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸಿದೆ. ಉಳಿದ ಮೂವರು ತಂದ ಉತ್ತರದಿಂದ ನೂಲು ಮುಂದಕ್ಕೆ ಹೋಯಿತು: ರೈಟರಿಂದ ಲೈನ್‌ಮನ್‌ಗೆ, ರೈಟರಿಂದ ಜೀಪಿನ ಡ್ರೈವರಿಗೆ. ಲೈನ್‌ಮನ್‌ನ ರಟ್ಟಿನಲ್ಲಿ ಈಗ ಊರಿನ ನೂಲೂ ತೋಟದ ನೂಲೂ ಸೇರಿದವು.

ನೀರುಗಂಟಿಯವರನ್ನು ಶನಿವಾರ ತರಗತಿಗೆ ಕರೆದಿದ್ದೆ. ಉದ್ದ ಹಿಡಿಯ ವಾಲ್ವ್ ಕೀ ತಂದಿದ್ದರು. ಅದನ್ನು ಮಕ್ಕಳ ಕೈಗೆ ಕೊಟ್ಟರು, ಒಬ್ಬರಿಂದ ಎತ್ತಲಾಗಲಿಲ್ಲ, ಇಬ್ಬಿಬ್ಬರು ಸೇರಿ ಎತ್ತಿದರು. ಮಕ್ಕಳು ಅದೇ ಎರಡು ಪ್ರಶ್ನೆ ಕೇಳಿದರು, ಮೊದಲು ಏಳೋರು ಯಾರು, ಏನೇನು ತಗೊಂಡ್ ಹೋಗ್ತೀರ. ಲೈನ್ ಮನೆಯ ಹುಡುಗಿ, ಅವರನ್ನು ಮೊದಲ ಸಲ ನೋಡುತ್ತಿದ್ದವಳು, “ಮಾವ, ನಿಮ್ಮನೆಗೆ ನೀರ್ ಬಿಡೋರು ಯಾರು?” ಅಂದಳು. ಅವರು ನಕ್ಕು, “ನಾನೇ ಬಿಡ್ಕೊಬೇಕಮ್ಮ. ಎಲ್ಲರದೂ ಆದ್ಮೇಲೆ ಕಡೇಗೆ ನಮ್ಮ ಬೀದಿ” ಅಂದರು.

ವಾರದ ಕೊನೆಗೆ ಮಗು ಏನು ಕಲಿತಿದೆ ಎಂದು ನೋಡಲು ನಾನು ಹೆಸರು ಕೇಳಲಿಲ್ಲ. ಒಂದು ಕೆಲಸದ ಚಿತ್ರ ಕೈಗೆ ಕೊಟ್ಟು, “ಇದು ನಿಂತ್ರೆ ನಿಮ್ಮನೇಲಿ ಏನಾಗ್ತದೆ, ಯಾರಿಗೆ ಹೇಳ್ತೀರ?” ಎಂದೆ. ಎರಡಕ್ಕೂ ತನ್ನ ಮನೆಯ ಉತ್ತರ ಕೊಟ್ಟವರು 9 ಮಂದಿ. ಇಬ್ಬರು ಪಕ್ಕದವರ ಉತ್ತರವನ್ನೇ ಹೇಳಿದರು. ಅವರಲ್ಲಿ ಒಬ್ಬನು ಮಳೆಯ ರಜೆ ಸೇರಿ ನಾಲ್ಕು ದಿನ ಶಾಲೆಗೇ ಬಂದಿರಲಿಲ್ಲ. ಇಷ್ಟಕ್ಕೆ ಒಟ್ಟು ಎಂಟು ಶಾಲಾ ದಿನ ಹಿಡಿಯಿತು. ಕಲಿಕಾ ಮೆಟ್ಟಿಲಿನಲ್ಲಿ ಈ ಪಾಠಕ್ಕೆ ನಾನು ಹಾಕಿಕೊಂಡಿದ್ದ ಸಮಯದ ಎರಡರಷ್ಟಕ್ಕಿಂತ ಹೆಚ್ಚು. ಚಿತ್ರದ ಕೆಳಗೆ ಬರುವಷ್ಟು ಅಕ್ಷರ ಬರೆಸಿ, ಬೆಂಕಿಪೊಟ್ಟಣಗಳನ್ನು ಎಣಿಸಿ ಗುಂಪು ಮಾಡಿಸಿ, ಭಾಷೆ ಮತ್ತು ಗಣಿತದ ಸಮಯದಿಂದ ಅದನ್ನು ಸರಿದೂಗಿಸಿಕೊಂಡೆ.

ಜನವರಿಯಲ್ಲಿ ಎರಡನೇ ಪ್ರಶ್ನೆಯನ್ನು ಮತ್ತೊಮ್ಮೆ ಕಳಿಸಿದೆ. ಅದು ಕಾಫಿ ಕುಯ್ಲಿನ ಕಾಲ, ಕತ್ತಿ-ಗುದ್ದಲಿ ಹೋಗಿ ಚೀಲ, ಬುಟ್ಟಿ, ಉದುರಿದ ಹಣ್ಣು ಮಣ್ಣಾಗದಂತೆ ಹಾಸುವ ತಾಡಪಾಲು ಬರುತ್ತವೆ ಎಂಬ ಎಣಿಕೆಯಲ್ಲಿದ್ದೆ. ಬಂದವು ಕೂಡ. ಸಂಜೆ ತೂಕ ಹಾಕಿಸಿ ಬರುವಷ್ಟರಲ್ಲಿ ಕತ್ತಲಾಗುವುದರಿಂದ, ಪ್ರಶ್ನೆ ಕೇಳಲು ಮಕ್ಕಳಿಗೆ ಒಂದು ಸಂಜೆ ಸಾಲದೆ ಎರಡು ಸಂಜೆ ಬೇಕಾಯಿತು. ಉಪ್ಪಿನ ಗಂಟಿನ ಹುಡುಗಿ ಈ ಸಲ ಚೀಲ ಬರೆದು, ಅದರ ಪಕ್ಕ ಒಂದು ಮಗುವನ್ನು ಬರೆದಿದ್ದಳು.

“ಇದ್ಯಾರು ಪುಟ್ಟಿ?”

“ತಮ್ಮ. ಅವನ್ನೂ ತಗೊಂಡ್ ಹೋಗ್ತಾರೆ. ಸೋಮವಾರ, ಮಂಗಳವಾರ ತಗೊಂಡ್ ಹೋಗ್ಲಿಲ್ಲ.”

“ಯಾಕೆ?”

“ನಾನ್ ಮನೇಲಿದ್ನಲ್ಲ ಮಿಸ್, ನಾನೇ ನೋಡ್ಕೊಂಡೆ.”

ಹಾಜರಿ ಪುಸ್ತಕ ತೆಗೆದು ನೋಡಿದೆ. ಆ ಎರಡೂ ದಿನ ಅವಳ ಹೆಸರಿನ ಮುಂದೆ ಗೈರುಹಾಜರಿ ಗುರುತಿತ್ತು.